ಕೆಳಗೆ ಅಗಲ, ಮೇಲೆ ಕಿರಿದು: ಪುಸ್ತಕದ ಚಿತ್ರದ ಪೈಪನ್ನು ಪಿವಿಸಿಯಲ್ಲಿ ಕಟ್ಟಿ ಒತ್ತಡದ ವ್ಯತ್ಯಾಸ ಅಳೆದದ್ದು

ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ಕೆಳಗೆ ಅಗಲವಾದ ಪೈಪು ಮೇಲಕ್ಕೆ ಏರುತ್ತಾ ಕಿರಿದಾಗುತ್ತದೆ, ಎರಡು ಬಿಂದುಗಳಿಗೆ 1 ಮತ್ತು 2 ಎಂದು ಗುರುತು, ನಡುವೆ ಎತ್ತರದ ಬಾಣ. ಹರಿವು ಕೊಟ್ಟು ಒತ್ತಡದ ವ್ಯತ್ಯಾಸ ಕೇಳುತ್ತಾರೆ. ಅದೇ ಚಿತ್ರವನ್ನು ಪ್ಲಂಬಿಂಗ್ ಅಂಗಡಿಯ ಸಾಮಾನಿನಲ್ಲಿ ಕಟ್ಟಿ, ಲೆಕ್ಕದ ಉತ್ತರವನ್ನೂ ಅಳತೆಯನ್ನೂ ಪಕ್ಕಪಕ್ಕ ಇಟ್ಟ ದಾಖಲೆ ಇದು. ಬಳಸಿದ ಸೂತ್ರಗಳು ಎರಡೇ; ಇವುಗಳಲ್ಲಿ A ಪೈಪಿನ ಒಳ ವಿಸ್ತೀರ್ಣ, v ನೀರಿನ ವೇಗ, Q ಹರಿವು, p ಒತ್ತಡ, z ಎತ್ತರ, ρ ನೀರಿನ ಸಾಂದ್ರತೆ, g ಗುರುತ್ವ:

```
A₁v₁ = A₂v₂ = Q
p₁ − p₂ = ρg(z₂ − z₁) + ½ρ(v₂² − v₁²)
```

ಹಂತ 1: ಸಾಮಾನು

ಒಂದು ಇಂಚಿನ ಯುಪಿವಿಸಿ ಪೈಪು ಒಂದು ಮೀಟರ್, ಅರ್ಧ ಇಂಚಿನದು ಒಂದೂವರೆ ಮೀಟರ್, ಒಂದರಿಂದ ಅರ್ಧ ಇಂಚಿಗೆ ಇಳಿಸುವ ರೆಡ್ಯೂಸರ್ ಒಂದು, ಎಲ್ಬೋ ಎರಡು, ಬಾಲ್ ವಾಲ್ವ್ ಒಂದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು, ಒಳವ್ಯಾಸ 8 ಮಿ.ಮೀ. ಇರುವಂಥದ್ದು, ಆರು ಮೀಟರ್. ಹನಿ ನೀರಾವರಿ ಅಂಗಡಿಯಿಂದ ಸಣ್ಣ ಕನೆಕ್ಟರ್ ಮೂರು. ಒಂದೂವರೆ ಮೀಟರ್ ಉದ್ದದ ಪ್ಲೈ ಹಲಗೆ, ದರ್ಜಿಯ ಟೇಪು, ಎಂ-ಸೀಲ್, ಹಳೆಯ ಸೈಕಲ್ ಟ್ಯೂಬು. ಹಲಗೆ ಬಿಟ್ಟು ಉಳಿದದ್ದಕ್ಕೆಲ್ಲ ಸುಮಾರು ₹1,100 ಆಯಿತು. ಉಪಕರಣವೆಂದರೆ ಹ್ಯಾಕ್ಸಾ, ಡ್ರಿಲ್, 2 ಮತ್ತು 6 ಮಿ.ಮೀ. ಬಿಟ್ಟುಗಳು, ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ.

ಲೆವೆಲ್ ಪೈಪಿನ ಬದಲು ಹನಿ ನೀರಾವರಿಯ ಸಣ್ಣ ಮೈಕ್ರೋ ಟ್ಯೂಬು ಹಾಕಿದರೆ ಅಗ್ಗ, ಆದರೆ ಕೆಲಸ ಕೆಡುತ್ತದೆ. ಅಷ್ಟು ಕಿರಿದಾದ ಕೊಳವೆಯಲ್ಲಿ ನೀರು ಕೊಳವೆಯ ಗೋಡೆಗೆ ಅಂಟಿ ಸೆಂಟಿಮೀಟರ್ ಹತ್ತಿರ ತಾನಾಗಿಯೇ ಏರುತ್ತದೆ. ಗುಳ್ಳೆ ಸಿಕ್ಕಿಕೊಂಡರೆ ಹೊರಗೂ ಬರುವುದಿಲ್ಲ. ಇಲ್ಲಿ ಅಳೆಯಬೇಕಾದದ್ದೇ ಏಳೆಂಟು ಸೆಂಟಿಮೀಟರ್. ಮೂರೂ ಕಡೆ ಒಂದೇ ಸುರುಳಿಯಿಂದ ಕತ್ತರಿಸಿದ ಲೆವೆಲ್ ಪೈಪು ಹಾಕಿದರೆ ಉಳಿದ ಅಲ್ಪಸ್ವಲ್ಪ ಏರಿಕೆಯೂ ಎಲ್ಲದರಲ್ಲೂ ಸಮನಾಗಿದ್ದು ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ.

ಹಂತ 2: ಒಳ ವಿಸ್ತೀರ್ಣ ಅಳೆಯುವುದು

ಪೈಪಿನ ಮೇಲೆ ಅಚ್ಚಾದ ಅಳತೆ ಹೆಸರಿಗಷ್ಟೇ. ‘ಅರ್ಧ ಇಂಚು’ ಎಂದರೆ 12.7 ಮಿ.ಮೀ. ಅಂದುಕೊಂಡು ಲೆಕ್ಕಕ್ಕೆ ಕೂತರೆ ವೇಗ ಒಂದೂವರೆ ಪಟ್ಟು ಹೆಚ್ಚಾಗಿ ಬರುತ್ತದೆ. ವರ್ನಿಯರ್ ಹಿಡಿದರೂ ಕತ್ತರಿಸಿದ ಬಾಯಿಯ ಅಳತೆ ಮಾತ್ರ ಸಿಗುತ್ತದೆ, ಆ ಬಾಯಿ ಪೂರ್ತಿ ದುಂಡಗೆ ಇರುವುದೂ ಅಪರೂಪ. ವೇಗದ ವರ್ಗ ಬರುವ ಲೆಕ್ಕವಾದ್ದರಿಂದ ವ್ಯಾಸದ ತಪ್ಪು ನಾಲ್ಕು ಪಟ್ಟಾಗಿ ಉತ್ತರಕ್ಕೆ ಬರುತ್ತದೆ: 15.6 ಮಿ.ಮೀ.ನಲ್ಲಿ 0.2 ಮಿ.ಮೀ. ತಪ್ಪಿದರೆ ವೇಗದ ಪಾಲಿನಲ್ಲಿ ಶೇ. 5ರಷ್ಟು ತಪ್ಪು.

ತೂಕದ ದಾರಿ ಇದಕ್ಕಿಂತ ಚೆನ್ನ. ಪೈಪನ್ನು ಸರಿಯಾಗಿ 50 ಸೆಂ.ಮೀ.ಗೆ ಕತ್ತರಿಸಿ, ಒಂದು ಬಾಯಿಯನ್ನು ಗಾಜಿನ ತುಂಡಿಗೆ ಒತ್ತಿ ಸುತ್ತಲೂ ಎಂ-ಸೀಲ್ ಮೆತ್ತಿ, ಖಾಲಿ ಇದ್ದಾಗ ಒಮ್ಮೆ, ಅಂಚಿನವರೆಗೆ ನೀರು ತುಂಬಿ ಒಮ್ಮೆ ತೂಗಬೇಕು. ಅರ್ಧ ಇಂಚಿನ ಪೈಪಿನಲ್ಲಿ 95.5 ಗ್ರಾಂ ನೀರು ಹಿಡಿಯಿತು (ಎರಡು ತೂಕದ ಸರಾಸರಿ). ಒಂದು ಗ್ರಾಂ ಎಂದರೆ ಒಂದು ಘನ ಸೆಂ.ಮೀ., ಹಾಗಾಗಿ 95.5ನ್ನು 50ರಿಂದ ಭಾಗಿಸಿದರೆ ವಿಸ್ತೀರ್ಣ 1.91 ಚದರ ಸೆಂ.ಮೀ. ಒಂದು ಇಂಚಿನದಕ್ಕೆ ಹೀಗೆಯೇ 5.31 ಬಂತು. ಅಂದರೆ ವ್ಯಾಸ ಸುಮಾರು 15.6 ಮತ್ತು 26.0 ಮಿ.ಮೀ. ವ್ಯಾಸ ತಿಳಿಯದಿದ್ದರೂ ನಡೆಯುತ್ತದೆ, ಲೆಕ್ಕಕ್ಕೆ ಬೇಕಾದದ್ದು ವಿಸ್ತೀರ್ಣ ಮಾತ್ರ.

ಹಂತ 3: ಒತ್ತಡದ ತೂತುಗಳು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಹನಿ ನೀರಾವರಿಯ ಕನೆಕ್ಟರನ್ನು ನೇರವಾಗಿ ಪೈಪಿಗೆ ಚುಚ್ಚಿದರೆ ಅದರ ಮೂತಿ ಎರಡು ಮೂರು ಮಿ.ಮೀ. ಒಳಗೆ ಚಾಚುತ್ತದೆ. ಹರಿಯುವ ನೀರು ಆ ಮೂತಿಯ ಸುತ್ತ ವೇಗ ಪಡೆದು ಅಲ್ಲಿನ ಒತ್ತಡವನ್ನು ಇಳಿಸುತ್ತದೆ. ಕೊಳವೆ ತೋರಿಸುವುದು ಪೈಪಿನ ಒತ್ತಡವನ್ನಲ್ಲ, ಆ ಮೂತಿ ಎಬ್ಬಿಸಿದ ಗಲಿಬಿಲಿಯನ್ನು.

ಮಾಡಿದ್ದು ಹೀಗೆ. ಹಳೆಯ ಕಪ್ಲಿಂಗ್ ಒಂದನ್ನು ಉದ್ದಕ್ಕೆ ಸೀಳಿ ಎರಡು ಸೆಂ.ಮೀ. ಚೌಕದ ತುಂಡು ತೆಗೆದು, ಪೈಪಿನ ಹೊರಮೈಗೆ ಸಾಲ್ವೆಂಟ್ ಹಚ್ಚಿ ತಡಿಯಂತೆ ಕೂರಿಸಬೇಕು. ಒಣಗಿದ ಮೇಲೆ ಆ ತುಂಡಿನ ದಪ್ಪದಷ್ಟು ಮಾತ್ರ 6 ಮಿ.ಮೀ. ಬಿಟ್ಟಿನಲ್ಲಿ ಕೊರೆದು, ಅದರ ನಡುವಿನಿಂದ ಪೈಪಿನ ಗೋಡೆಯೊಳಕ್ಕೆ 2 ಮಿ.ಮೀ. ಡ್ರಿಲ್ ಬಿಟ್ಟನ್ನು ಇಳಿಸಬೇಕು. ಕನೆಕ್ಟರ್ ಹೊರಗಿನ ದೊಡ್ಡ ತೂತಿನಲ್ಲೇ ನಿಲ್ಲುತ್ತದೆ. ನೀರಿಗೆ ಕಾಣುವುದು ಗೋಡೆಯಲ್ಲಿನ 2 ಮಿ.ಮೀ. ತೂತು ಮಾತ್ರ. ಡ್ರಿಲ್ ಬಿಟ್ಟು ಹೊರಬಂದ ಒಳಬದಿಯಲ್ಲಿ ಪ್ಲಾಸ್ಟಿಕ್ಕಿನ ಸಿಬರು ಎದ್ದಿರುತ್ತದೆ. ಕೋಲಿಗೆ ವಾಟರ್ ಪೇಪರ್ ಸುತ್ತಿ ಒಳಗಿನಿಂದ ಉಜ್ಜಿ, ಬೆರಳಿಗೆ ಸಿಗುವವರೆಗೆ ಬೆರಳಾಡಿಸಿ, ಸಿಗದ ಕಡೆ ಟಾರ್ಚ್ ಬಿಟ್ಟು ನೋಡಿ ತೆಗೆಯಬೇಕು.

ಮೂರು ತೂತುಗಳು: ಅಗಲ ಪೈಪಿನಲ್ಲಿ ಬಿಂದು 1, ಅದಕ್ಕಿಂತ ಸರಿಯಾಗಿ 60 ಸೆಂ.ಮೀ. ಮೇಲೆ, ಕಿರಿದಾದ ಪೈಪಿನಲ್ಲಿ ಬಿಂದು 2. ಅಲ್ಲಿಂದ ಇನ್ನೂ 20 ಸೆಂ.ಮೀ. ಮೇಲೆ ಬಿಂದು 3. ಪುಸ್ತಕದ ಚಿತ್ರದಲ್ಲಿ ಮೂರನೆಯದು ಇರುವುದಿಲ್ಲ. ಘರ್ಷಣೆ ಎಷ್ಟು ತಿನ್ನುತ್ತದೆ ಎಂದು ಹೇಳುವ ತೂತು ಅದು, ಬಿಡಬಾರದು.

ಹಂತ 4: ನಿಲ್ಲಿಸುವುದು, ನೀರು ಕೊಡುವುದು

ಪೈಪನ್ನು ಲಂಬವಾಗಿ ನಿಲ್ಲಿಸಿದೆ. ಕೆಳಗಿನ ಎಲ್ಬೋದಿಂದ ಬಿಂದು 1ರವರೆಗೆ 30 ಸೆಂ.ಮೀ. ನೇರ ಪೈಪು ಬಿಟ್ಟಿದೆ, ಎಲ್ಬೋದಲ್ಲಿ ತಿರುಗಿದ ನೀರು ಅಷ್ಟು ದೂರದಲ್ಲಿ ತಕ್ಕಮಟ್ಟಿಗೆ ಸಮವಾಗುತ್ತದೆ. ಕೀಲುಗಳಿಗೆ ಸಾಲ್ವೆಂಟ್ ಹಾಕಿಲ್ಲ; ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಒಂದೂವರೆ ಮೀಟರ್ ನೀರಿನ ಒತ್ತಡಕ್ಕೆ ಸಾಕು, ಬಿಚ್ಚಿ ಮತ್ತೆ ಜೋಡಿಸಲೂ ಬರುತ್ತದೆ.

ಪಂಪಿನಿಂದ ನೇರ ನೀರು ಕೊಟ್ಟರೆ ಕೊಳವೆಗಳಲ್ಲಿ ಮಟ್ಟ ಕುಣಿಯುತ್ತಲೇ ಇರುತ್ತದೆ. ಅದಕ್ಕೆ 20 ಲೀಟರಿನ ಬಕೆಟ್ಟಿನ ಮೇಲ್ಭಾಗದಲ್ಲಿ ತುಂಬಿ ಹರಿಯುವ ತೂತು ಮಾಡಿ, ಆ ತೂತು ಬಿಂದು 1ಕ್ಕಿಂತ 140 ಸೆಂ.ಮೀ. ಮೇಲಿರುವಂತೆ ಸ್ಟ್ಯಾಂಡಿನ ಮೇಲಿಟ್ಟು, ಮಾಳಿಗೆ ಟ್ಯಾಂಕಿನ ಮುಕ್ಕಾಲು ಇಂಚಿನ ನಲ್ಲಿಯಿಂದ ಅದನ್ನು ತುಂಬಿಸುತ್ತಾ ಇರಬೇಕು. ತೂತಿನಿಂದ ನೀರು ಚೆಲ್ಲುತ್ತಿರುವವರೆಗೂ ಮಟ್ಟ ಅಲುಗದು. ಹರಿವು ಹೆಚ್ಚು ಕಡಿಮೆ ಮಾಡುವ ವಾಲ್ವ್ ಬಕೆಟ್ಟಿನ ಬುಡದಲ್ಲಿದೆ.

ನೀರು ಹೊರಬೀಳುವ ತುದಿಯಲ್ಲಿ ಒಂದು ಎಚ್ಚರ. ಮೇಲಿನ ಎಲ್ಬೋದಿಂದ ಹೊರಟ ತುದಿಗೆ ಉದ್ದನೆಯ ಹೋಸ್ ಸಿಕ್ಕಿಸಿ ನೆಲದ ಬಕೆಟ್ಟಿಗೆ ಇಳಿಬಿಟ್ಟರೆ ಆ ತುಂಬಿದ ಹೋಸ್ ಸೈಫನ್ನಿನಂತೆ ಎಳೆಯುತ್ತದೆ. ಬಿಂದು 3ರ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿದು, ಕೊಳವೆಯಲ್ಲಿ ನೀರು ಏರುವ ಬದಲು ಅದೇ ಕೊಳವೆಯಿಂದ ಗಾಳಿ ಒಳನುಗ್ಗುತ್ತದೆ. ಪೈಪಿನೊಳಗೆ ಗೊಳಗೊಳ ಸದ್ದು ಬಂದರೆ, ಹೊರಬೀಳುವ ನೀರು ಬೆಳ್ಳಗೆ ನೊರೆಯಾದರೆ ಕಾರಣ ಇದೇ. ತುದಿಯನ್ನು ಬಯಲಿಗೆ ಬಿಟ್ಟು, ನೀರು ಅಗಲ ಬಾಯಿಯ ಆಲಿಕೆಗೆ ಬಿದ್ದು ಅಲ್ಲಿಂದ ಇಳಿದುಹೋಗುವಂತೆ ಮಾಡಿದರೆ ಸರಿಹೋಗುತ್ತದೆ.

ಹಂತ 5: ನಿಂತ ನೀರಿನ ಪರೀಕ್ಷೆ

ಮೂರೂ ಕೊಳವೆಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಕಟ್ಟಿ, ದರ್ಜಿಯ ಟೇಪಿನ ಸೊನ್ನೆಯನ್ನು ಬಿಂದು 1ರ ತೂತಿನ ಮಟ್ಟಕ್ಕೆ ಹೊಂದಿಸಿ ಅಂಟಿಸಿದ್ದು. ತೂತಿನಿಂದ ಹಲಗೆಗೆ ಹೋಗುವ ಕೊಳವೆ ಎಲ್ಲೂ ತಗ್ಗಬಾರದು, ಏರುತ್ತಲೇ ಹೋಗಬೇಕು. ತಗ್ಗಿ ಎದ್ದ ಕಡೆಯೇ ಗುಳ್ಳೆ ಕೂರುವುದು.

ಹೊರತುದಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ ನೀರು ತುಂಬಿದರೆ ಮೂರೂ ಕೊಳವೆಗಳಲ್ಲಿ ನೀರು ಒಂದೇ ಮಟ್ಟಕ್ಕೆ, ಬಕೆಟ್ಟಿನ ಮಟ್ಟಕ್ಕೆ, ಬಂದು ನಿಲ್ಲಬೇಕು. ತೂತುಗಳು 60, 80 ಸೆಂ.ಮೀ. ಎತ್ತರದಲ್ಲಿದ್ದರೂ ಅಷ್ಟೇ. ಎರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಗುಳ್ಳೆ ಇದೆ ಎಂದೇ ಅರ್ಥ: ಕೊಳವೆಯನ್ನು ಬೆರಳಿನಿಂದ ತಟ್ಟಿ, ಹೋಗದಿದ್ದರೆ ತುದಿಯಿಂದ ಒಮ್ಮೆ ಊದಿ ನೀರನ್ನು ಹಿಂದಕ್ಕೆ ತಳ್ಳಿ ಬಿಡಬೇಕು. ಈ ಪರೀಕ್ಷೆ ದಾಟದೆ ಮುಂದಿನ ಯಾವ ಅಳತೆಗೂ ಬೆಲೆಯಿಲ್ಲ.

ಈ ಪರೀಕ್ಷೆಯಲ್ಲೇ ಚಿತ್ರದ ಮುಖ್ಯ ಗುಟ್ಟೂ ಇದೆ. ನೀರು ನಿಂತಿದ್ದಾಗ ಮಟ್ಟಗಳ ವ್ಯತ್ಯಾಸ ಸೊನ್ನೆ, ಆದರೆ ಒತ್ತಡದ ವ್ಯತ್ಯಾಸ ಸೊನ್ನೆಯಲ್ಲ. ಬಿಂದು 1ರ ಮೇಲೆ 140 ಸೆಂ.ಮೀ. ನೀರಿದೆ, ಬಿಂದು 2ರ ಮೇಲೆ 80 ಮಾತ್ರ. ವ್ಯತ್ಯಾಸ 60 ಸೆಂ.ಮೀ., ಅಂದರೆ 5,880 ಪ್ಯಾಸ್ಕಲ್. ಕೊಳವೆಗಳ ಮಟ್ಟವನ್ನು ಒಂದಕ್ಕೊಂದು ಹೋಲಿಸಿದಾಗ ಎತ್ತರದ ಪಾಲು ತಾನಾಗಿಯೇ ಕಳೆದುಹೋಗುತ್ತದೆ. ಒತ್ತಡ ಬೇಕಾದರೆ ಪ್ರತಿ ಕೊಳವೆಯ ನೀರನ್ನು ಅದರದೇ ತೂತಿನಿಂದ ಮೇಲಕ್ಕೆ ಅಳೆಯಬೇಕು.

ಹಂತ 6: ಲೆಕ್ಕ

ನೀರು ಬಿಡುವ ಮೊದಲೇ ಉತ್ತರ ಬರೆದಿಡುವುದು ಒಳ್ಳೆಯದು. ಹರಿವು ನಿಮಿಷಕ್ಕೆ 15 ಲೀಟರ್ ಇಟ್ಟುಕೊಂಡರೆ ಸೆಕೆಂಡಿಗೆ 250 ಘನ ಸೆಂ.ಮೀ.

```
v₁ = 250 / 5.31 = 47.1 cm/s
v₂ = 250 / 1.91 = 130.9 cm/s
(v₂² − v₁²) / 2g = 7.6 cm
p₁ − p₂ = 60 + 7.6 = 67.6 cm (ನೀರು) ≈ 6,625 Pa
```

ಅಂದರೆ ಕೊಳವೆ 1 ಮತ್ತು 2ರ ಮಟ್ಟಗಳ ನಡುವೆ 7.6 ಸೆಂ.ಮೀ. ಕಾಣಬೇಕು. ಎಲ್ಲವನ್ನೂ ಸೆಂ.ಮೀ. ನೀರಿನಲ್ಲಿ ಇಟ್ಟುಕೊಂಡು ಕೊನೆಗೆ ಒಮ್ಮೆ 98ರಿಂದ ಗುಣಿಸಿದರೆ ಪ್ಯಾಸ್ಕಲ್ ಬರುತ್ತದೆ. ನಡುವೆ ಲೀಟರ್, ಮಿಲಿಮೀಟರ್, ಮೀಟರ್ ಬೆರೆಸುವ ಕಾಟ ತಪ್ಪುತ್ತದೆ.

ಹಂತ 7: ಮೊದಲ ಜೋಡಣೆ, 7.6ರ ಜಾಗದಲ್ಲಿ 17.4

ಮೊದಲ ಜೋಡಣೆಯಲ್ಲಿ ರೆಡ್ಯೂಸರ್ ಕೆಳಗಿತ್ತು, ಬಿಂದು 1ರಿಂದ 15 ಸೆಂ.ಮೀ. ಎತ್ತರದಲ್ಲಿ. ಉಳಿದ 45 ಸೆಂ.ಮೀ. ಏರಿಕೆಯೆಲ್ಲ ಕಿರಿದಾದ ಪೈಪಿನಲ್ಲಿ. ಸರಿಯಾಗಿ ಒಂದು ನಿಮಿಷಕ್ಕೆ ಬಕೆಟ್ಟಿನಲ್ಲಿ 15 ಕೆ.ಜಿ. ನೀರು ಬೀಳುವಂತೆ ವಾಲ್ವ್ ಹೊಂದಿಸಿದಾಗ ಟೇಪಿನ ಮೇಲೆ ಕಂಡದ್ದು: ಕೊಳವೆ 1ರಲ್ಲಿ 119.7, ಕೊಳವೆ 2ರಲ್ಲಿ 102.3, ಕೊಳವೆ 3ರಲ್ಲಿ 99.3 ಸೆಂ.ಮೀ. ಒಂದು ಮತ್ತು ಎರಡರ ನಡುವೆ 17.4. ಲೆಕ್ಕಕ್ಕಿಂತ 9.8 ಹೆಚ್ಚು.

ಇಲ್ಲಿ ಮೂರನೆಯ ತೂತು ಕೈಹಿಡಿಯುತ್ತದೆ. ಎರಡರಿಂದ ಮೂರಕ್ಕೆ ಪೈಪಿನ ಅಗಲ ಬದಲಾಗಿಲ್ಲ, ವೇಗವೂ ಬದಲಾಗಿಲ್ಲ, ಆದರೂ ಮಟ್ಟ 3.0 ಸೆಂ.ಮೀ. ಇಳಿದಿದೆ. ಅದು ಪೂರ್ತಿ ಘರ್ಷಣೆಯ ಪಾಲು: 20 ಸೆಂ.ಮೀ.ಗೆ 3.0, ಅಂದರೆ ಪ್ರತಿ ಸೆಂ.ಮೀ. ಕಿರಿದಾದ ಪೈಪಿಗೆ 0.15. ಹಾಗಾದರೆ 45 ಸೆಂ.ಮೀ.ಗೆ 6.7 ಆಯಿತು. ಉಳಿದ 3.1ರಲ್ಲಿ ಹೆಚ್ಚಿನ ಪಾಲು ರೆಡ್ಯೂಸರಿನದು. ಅಂಗಡಿಯ ರೆಡ್ಯೂಸರ್ ಹೊರಗೆ ಇಳಿಜಾರಾಗಿ ಕಂಡರೂ ಒಳಗೆ ಮೆಟ್ಟಿಲಿನಂತೆ ನೇರ ಅಂಚು ಇರುತ್ತದೆ; ಕಿರಿದಾದ ಪೈಪಿನ ಕತ್ತರಿಸಿದ ಬಾಯಿಯೂ ಅಲ್ಲೇ ಹರಿತವಾಗಿ ಎದುರಾಗುತ್ತದೆ. ನೀರು ಆ ಅಂಚಿನಲ್ಲಿ ಗೋಡೆ ಬಿಟ್ಟು ಇನ್ನೂ ಕಿರಿದಾಗಿ, ಆಮೇಲೆ ಹರಡಿಕೊಳ್ಳುವಾಗ ಶಕ್ತಿ ಕಳೆದುಕೊಳ್ಳುತ್ತದೆ.

ಹರಿವು ಬದಲಿಸಿ ನೋಡಿದರೆ ಈ ನಷ್ಟ ಬೇರೆಯಾಗಿ ಕಾಣುವುದಿಲ್ಲ. ವೇಗದ ಪಾಲೂ ನಷ್ಟವೂ ಹೆಚ್ಚುಕಡಿಮೆ ಹರಿವಿನ ವರ್ಗದಂತೆಯೇ ಬೆಳೆಯುತ್ತವೆ, ಹಾಗಾಗಿ ಎಲ್ಲ ಹರಿವಿಗೂ ಒಂದೇ ಅನುಪಾತದಲ್ಲಿ ತಪ್ಪು ಬರುತ್ತದೆ. ಹರಿವಿನ ವರ್ಗದ ಎದುರು ಮಟ್ಟಗಳ ವ್ಯತ್ಯಾಸ ಗುರುತಿಸಿದರೆ ಬರುವ ನೇರ ಗೆರೆಯ ನಕ್ಷೆ ನೋಡಿ ಸೂತ್ರ ಸರಿಹೋಯಿತು ಅಂದುಕೊಳ್ಳುವುದು ಸುಲಭ. ಗೆರೆ ನೇರವಾಗಿದೆಯೇ ಎನ್ನುವುದಲ್ಲ, ಅದರ ಓರೆ ಎಷ್ಟು ಎಂದು ನೋಡಬೇಕು.

ಹಂತ 8: ರೆಡ್ಯೂಸರ್ ಮೇಲಕ್ಕೆ, ಒಳಗೆ ಇಳಿಜಾರು

ಎರಡು ಬದಲಾವಣೆ. ಮೊದಲನೆಯದು, ಏರಿಕೆಯನ್ನು ಅಗಲ ಪೈಪಿಗೆ ಬಿಟ್ಟುಕೊಟ್ಟದ್ದು. ಅಗಲ ಪೈಪು 50 ಸೆಂ.ಮೀ. ಮೇಲಕ್ಕೆ ಹೋಗಿ, ಅಲ್ಲಿ ರೆಡ್ಯೂಸರ್, ಅದರ ಮೇಲೆ 6 ಸೆಂ.ಮೀ. ಬಿಟ್ಟು ಬಿಂದು 2. ನಿಧಾನವಾಗಿ ಹರಿಯುವ ಅಗಲ ಪೈಪಿನಲ್ಲಿ ಘರ್ಷಣೆ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಬಿಂದು 2ನ್ನು ರೆಡ್ಯೂಸರಿಗೆ ಇನ್ನೂ ಹತ್ತಿರ, ಎರಡು ಸೆಂ.ಮೀ. ಒಳಗೆ ತಂದರೆ ನೀರು ಗೋಡೆ ಬಿಟ್ಟ ಜಾಗದಲ್ಲೇ ಅಳೆದಂತಾಗಿ ಒತ್ತಡ ಇರುವುದಕ್ಕಿಂತ ಕಡಿಮೆ ತೋರುತ್ತದೆ.

ಎರಡನೆಯದು, ರೆಡ್ಯೂಸರಿನ ಒಳಮೆಟ್ಟಿಲನ್ನು ಎಂ-ಸೀಲ್ ತುಂಬಿ ಆಲಿಕೆಯಂತೆ ಮಾಡಿದ್ದು. ಕಿರಿದಾದ ಪೈಪನ್ನು ಮೊದಲೇ ಅದರ ಜಾಗಕ್ಕೆ ತಳ್ಳಿ, ಅದರ ಬಾಯಿಯ ಒಳ ಅಂಚನ್ನು ಚಾಕುವಿನಿಂದ ಸವರಿ, ಅಗಲ ಬದಿಯಿಂದ ಒದ್ದೆ ಬೆರಳಿನಲ್ಲಿ ಎಂ-ಸೀಲ್ ಮೆತ್ತಿ ಮೂರು ಸೆಂ.ಮೀ. ಉದ್ದಕ್ಕೆ ಇಳಿಜಾರು ತರಬೇಕು. ಕಿರಿದಾದ ಪೈಪಿನೊಳಗೆ ಒಂದು ಚೂರೂ ಉಳಿಯಬಾರದು, ಉಳಿದರೆ ಹಂತ 2ರಲ್ಲಿ ತೂಗಿ ಪಡೆದ ವಿಸ್ತೀರ್ಣ ಸುಳ್ಳಾಗುತ್ತದೆ. ಒಂದು ರಾತ್ರಿ ಗಟ್ಟಿಯಾಗಲು ಬಿಟ್ಟು, ನುಣುಪಾದ ವಾಟರ್ ಪೇಪರಿನಿಂದ ಉಜ್ಜಿ ಮತ್ತೆ ಜೋಡಿಸಿದ್ದು.

ಅದೇ 15 ಲೀಟರ್ ಹರಿವಿಗೆ ಈಗ ಕೊಳವೆ 1ರಲ್ಲಿ 112.0, ಎರಡರಲ್ಲಿ 102.3, ಮೂರರಲ್ಲಿ 99.3. ಎರಡನೆಯದೂ ಮೂರನೆಯದೂ ಅಲುಗಿಲ್ಲ, ಇಳಿದದ್ದು ಮೊದಲನೆಯದು ಮಾತ್ರ. ಬಿಂದು 2ರಿಂದ ಹೊರತುದಿಯವರೆಗೆ ಏನೂ ಬದಲಾಗಿಲ್ಲವಾದ್ದರಿಂದ ಅಷ್ಟೇ ನೀರನ್ನು ಹೊರದಬ್ಬಲು ಅಲ್ಲಿ ಮೊದಲಿನಷ್ಟೇ ಒತ್ತಡ ಬೇಕು. ದಾರಿಯಲ್ಲಿನ ಅಡ್ಡಿ ತೆಗೆದಾಗ ಕಡಿಮೆಯಾಗುವುದು ಅದರ ಹಿಂದಿನ ಒತ್ತಡ.

ಮಟ್ಟಗಳ ವ್ಯತ್ಯಾಸ ಈಗ 9.7. ಲೆಕ್ಕದ 7.6ಕ್ಕಿಂತ 2.1 ಹೆಚ್ಚು. ಕಿರಿದಾದ 6 ಸೆಂ.ಮೀ.ಗೆ ಘರ್ಷಣೆ 0.9, ಅಗಲ ಪೈಪಿಗೆ 0.6ರಷ್ಟು, ಉಳಿದ 0.6 ಇಳಿಜಾರಿನದು. ನಿಮಿಷಕ್ಕೆ 10 ಲೀಟರಿಗೆ ಇಳಿಸಿದರೆ ಲೆಕ್ಕ 3.4 ಅನ್ನುತ್ತದೆ, ಟೇಪು 4.4 ತೋರಿಸುತ್ತದೆ, ಅದೇ ಅನುಪಾತ.

ಹಂತ 9: ಉತ್ತರ ಓದುವ ಬಗೆ

ಬಿಂದು 1ರ ತೂತಿನ ಮೇಲೆ 112.0 ಸೆಂ.ಮೀ. ನೀರು, ಬಿಂದು 2ರ ತೂತಿನ ಮೇಲೆ 102.3ರಲ್ಲಿ 60 ಕಳೆದು 42.3. ಒತ್ತಡದ ವ್ಯತ್ಯಾಸ 69.7 ಸೆಂ.ಮೀ., ಅಂದರೆ 6,830 ಪ್ಯಾಸ್ಕಲ್. ಸೂತ್ರದ 6,625ಕ್ಕೂ ಇದಕ್ಕೂ ಅಂತರ ಶೇ. 3. ಕೇಳಲು ಚೆಂದ, ಆದರೆ ಈ ಶೇ. 3 ನಂಬಿ ಕೂರಬಾರದು: 60 ಸೆಂ.ಮೀ. ಎತ್ತರದ ಪಾಲು ಎಂದೂ ತಪ್ಪುವುದಿಲ್ಲ, ಅದು ಉಳಿದ ತಪ್ಪನ್ನು ಮರೆಮಾಡುತ್ತದೆ. ವೇಗದ ಪಾಲನ್ನಷ್ಟೇ ನೋಡಿದರೆ 7.6ರ ಎದುರು 9.7, ಅಂದರೆ ಶೇ. 28 ಹೆಚ್ಚು. ಜೋಡಣೆ ಎಷ್ಟು ಚೆನ್ನಾಗಿದೆ ಎಂದು ಹೇಳುವ ಸಂಖ್ಯೆ ಇದು.

ಎರಡು ತೂತುಗಳ ನಡುವೆ ಪಾದರಸದ ಯು-ಕೊಳವೆ ಕಟ್ಟಿದ ಚಿತ್ರಗಳಲ್ಲೂ ಇದೇ ಎಚ್ಚರ ಬೇಕು. ಸಂಪರ್ಕದ ಕೊಳವೆಗಳಲ್ಲಿ ನೀರು ತುಂಬಿರುವುದರಿಂದ ಪಾದರಸವೂ ಎತ್ತರದ ಪಾಲನ್ನು ಬಿಟ್ಟೇ ತೋರಿಸುತ್ತದೆ: 9.7ನ್ನು, ಪಾದರಸದ ಸಾಂದ್ರತೆ 13.6ರಲ್ಲಿ ನೀರಿನ 1 ಕಳೆದು ಬರುವ 12.6ರಿಂದ ಭಾಗಿಸಿದರೆ 0.77 ಸೆಂ.ಮೀ., ಬರೀ 8 ಮಿ.ಮೀ. ಹತ್ತಿರ. ಆ ಅಳತೆಯನ್ನೇ p₁ − p₂ ಎಂದು ಬರೆದು, ಮತ್ತೆ ಸೂತ್ರದಲ್ಲಿ ρg(z₂ − z₁) ಸೇರಿಸಿದರೆ ಎತ್ತರ ಎರಡು ಸಲ ಲೆಕ್ಕಕ್ಕೆ ಬಂದು ವೇಗದ ವರ್ಗ ಋಣ ಸಂಖ್ಯೆಯಾಗುತ್ತದೆ. ವೇಗ ಕಂಡುಹಿಡಿಯಲು ಯು-ಕೊಳವೆಯ ಅಳತೆ ಒಂದೇ ಸಾಕು. ಪ್ರತಿ ತೂತಿಗೂ ಅದರ ಮಟ್ಟದಲ್ಲೇ ಡಯಲ್ ಗೇಜ್ ಕೂರಿಸಿದ್ದರೆ ಮಾತ್ರ ಎತ್ತರದ ಪಾಲನ್ನು ಕಳೆಯಬೇಕು.

ಚಿತ್ರ ತಲೆಕೆಳಗಾಗಿ, ಕಿರಿದಾದ ಭಾಗ ಕೆಳಗೆ ಬಂದಾಗ ಎರಡು ಪಾಲುಗಳೂ ಒಂದಕ್ಕೊಂದು ಎದುರು ನಿಲ್ಲುತ್ತವೆ: ಕೆಳಗಿರುವುದರಿಂದ ಒತ್ತಡ ಹೆಚ್ಚು, ವೇಗದಿಂದ ಒತ್ತಡ ಕಡಿಮೆ. ಇದೇ ಪೈಪುಗಳಿಗೆ, ಇದೇ 60 ಸೆಂ.ಮೀ.ಗೆ, ನಷ್ಟ ಬಿಟ್ಟು ಲೆಕ್ಕ ಹಾಕಿದರೆ ಎರಡೂ ಸಮನಾಗಲು ನಿಮಿಷಕ್ಕೆ 42 ಲೀಟರ್ ಹರಿಯಬೇಕು. ಈ ಬಕೆಟ್ಟಿನ 140 ಸೆಂ.ಮೀ. ಎತ್ತರಕ್ಕೆ ಅಷ್ಟು ನೀರು ಬಾರದು. ಆ ಅಳತೆಗೆ ಬಕೆಟ್ಟನ್ನು ಮಾಳಿಗೆಯ ಮೇಲಿಡಬೇಕು, ಕೊಳವೆಗಳ ಹಲಗೆಯನ್ನೂ ಅಷ್ಟೇ ಉದ್ದ ಮಾಡಬೇಕು.